ಇಮೇಲ್ ಸಹಿಯಲ್ಲಿ ಅಡಗಿ ಕೂತ ತಪ್ಪುಗಳು

ಇಮೇಲಿನ ಒಕ್ಕಣೆಯನ್ನು ಎರಡೆರಡು ಸಲ ಓದಿ ತಿದ್ದುವವರಿದ್ದಾರೆ. ಬುಡದಲ್ಲಿ ತಾನಾಗಿ ಬಂದು ಕೂರುವ ಸಹಿಯನ್ನು ಮಾತ್ರ ಒಮ್ಮೆ ಸಿದ್ಧಪಡಿಸಿದ ಮೇಲೆ ಬಹುತೇಕರು ಓದುವುದೇ ಇಲ್ಲ. ಬೆಂಗಳೂರಿನಿಂದ ಮೈಸೂರು ಶಾಖೆಗೆ ಬಡ್ತಿಯ ಮೇಲೆ ಹೋದ ನೌಕರರೊಬ್ಬರು ಅಲ್ಲಿನ ಸಹೋದ್ಯೋಗಿಯ ಸಹಿಯನ್ನು ನಕಲು ಮಾಡಿ, ಹೀಗೆ ಬದಲಿಸಿಕೊಂಡರು ಎಂದಿಟ್ಟುಕೊಳ್ಳಿ:

```
Asst. Manger (Accounts)
+91 0821 24XXXXX
If you are the intended recipient, please delete this mail.
```

ಮೂರು ಸಾಲು, ಮೂರರಲ್ಲೂ ತಪ್ಪು.

ಮೊದಲ ಸಾಲಿನಲ್ಲಿ Manager ಪದದ ಒಂದು ಅಕ್ಷರ ಬಿದ್ದುಹೋಗಿದೆ. Manger ಎಂಬ ಪದವೂ ಇಂಗ್ಲಿಷಿನಲ್ಲಿ ಇರುವುದರಿಂದ ಕಾಗುಣಿತ ಪರೀಕ್ಷಕ ಕೆಂಪು ಗೆರೆ ಎಳೆಯದೆ ಸುಮ್ಮನಿರಬಹುದು. Principal ಬದಲು Principle ಎಂದಾಗಲೂ ಇದೇ ಕತೆ. ಪದನಾಮವನ್ನು ಬಡ್ತಿ ಆದೇಶದ ಪ್ರತಿ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. 'ಪ್ರಭಾರ' ಎಂಬ ಮಾತು ಬಿಟ್ಟುಹೋದರೆ ಓದುವವರು ಆ ಹುದ್ದೆ ಕಾಯಂ ಎಂದೇ ತಿಳಿಯುತ್ತಾರೆ.

ಫೋನ್ ನಂಬರಿನ ತಪ್ಪು ಇನ್ನೂ ಸೂಕ್ಷ್ಮ. ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ದೇಶದೊಳಗಿನ ಕರೆಗೆ ಮಾತ್ರ. ಮುಂದೆ +91 ಬಂದರೆ ಅದು ಇರಬಾರದು. 91ರ ನಂತರ ಹತ್ತೇ ಅಂಕಿ ಇರಬೇಕು: ಮೈಸೂರಿಗೆ 821 ಮತ್ತು ಏಳು ಅಂಕಿ, ಬೆಂಗಳೂರಿಗೆ 80 ಮತ್ತು ಎಂಟು. ಮೇಲಿನ ಸಾಲಿನಲ್ಲಿ ಹನ್ನೊಂದಿವೆ. ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ನಂಬರ್ ಸರಿ ಎನ್ನಲಾಗದು. ಎರಡು ಅಂಕಿ ಅದಲುಬದಲಾದರೂ ಹತ್ತು ಹತ್ತೇ.

ನಕಲು ಮಾಡಿದ ಸಹಿಯಲ್ಲಿ ಇನ್ನೊಂದು ಅಪಾಯವಿದೆ. ಕಾಣುವ ನಂಬರಿನ ಹಿಂದೆ `tel:` ಎಂಬ ಲಿಂಕ್ ಇರಬಹುದು. ಮೇಲಿನ ಅಂಕಿ ಬದಲಿಸಿದರೂ ಒಳಗಿನ ಲಿಂಕಿನಲ್ಲಿ ಸಹೋದ್ಯೋಗಿಯ ನಂಬರೇ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಓದಿದವರಿಗೆ ಎಲ್ಲ ಸರಿ. ಮೊಬೈಲಿನಲ್ಲಿ ಒತ್ತಿದವರ ಕರೆ ಮಾತ್ರ ಬೇರೆಯವರಿಗೆ ಹೋಗುತ್ತದೆ. ಹಾಗಾಗಿ ನಂಬರನ್ನು ಮೊಬೈಲಿನಲ್ಲಿ ಒತ್ತಿ, ಯಾರು ಎತ್ತುತ್ತಾರೆಂದು ನೋಡುವುದೇ ಖಚಿತವಾದ ಪರೀಕ್ಷೆ.

ಮೂರನೆಯ ಸಾಲು ಡಿಸ್‌ಕ್ಲೇಮರ್. ಪತ್ರ ತಪ್ಪಿ ಬೇರೆಯವರ ಕೈಸೇರಿದರೆ ಅಳಿಸಿಬಿಡಿ ಎನ್ನುವುದು ಅದರ ಉದ್ದೇಶ. `are` ನಂತರ ಇರಬೇಕಿದ್ದ `not` ಬಿದ್ದುಹೋದ ಕಾರಣ, ಯಾರಿಗೆ ಬರೆದದ್ದೋ ಅವರಿಗೇ ಅಳಿಸಲು ಹೇಳಿದಂತಾಗಿದೆ. ಪ್ರತಿ ಪದವೂ ಶುದ್ಧವಾಗಿರುವುದರಿಂದ ಕಾಗುಣಿತ ಪರೀಕ್ಷಕಕ್ಕೆ ಇಲ್ಲಿ ತಪ್ಪೇ ಕಾಣದು. ಕಣ್ಣು ಹಾರಿಸಿಬಿಡುವ ಈ ಪುಟ್ಟ ಅಕ್ಷರದ ವಾಕ್ಯವನ್ನು ಗಟ್ಟಿಯಾಗಿ ಓದಿದರೆ ಕಿವಿಗೆ ಸಿಕ್ಕಿಬೀಳುತ್ತದೆ. ಸಂಸ್ಥೆಯ ಹೆಸರು ಬದಲಾಗಿದ್ದರೆ ಹಳೆಯ ಹೆಸರು ಕೊನೆಯವರೆಗೂ ಉಳಿಯುವ ಜಾಗವೂ ಇದೇ.

ತಿದ್ದಿದ ಮೇಲೂ ಹಳೆಯದು ತಲೆಯೆತ್ತಬಹುದು. ಔಟ್‌ಲುಕ್‌ನಲ್ಲಿ ಹೊಸ ಪತ್ರಕ್ಕೊಂದು, ಉತ್ತರಕ್ಕೊಂದು ಸಹಿ ಇಡಬಹುದು. ಮೊಬೈಲ್ ಆ್ಯಪಿನಲ್ಲಿ ಮತ್ತೊಂದು ಇರಬಹುದು. ಸ್ವಂತದ ಇನ್ನೊಂದು ವಿಳಾಸಕ್ಕೆ ಹೊಸ ಪತ್ರ ಕಳಿಸಿ, ಅಲ್ಲಿಂದ ಬಂದದ್ದಕ್ಕೆ ಒಮ್ಮೆ ಕಂಪ್ಯೂಟರಿನಿಂದ, ಒಮ್ಮೆ ಮೊಬೈಲಿನಿಂದ ಉತ್ತರಿಸಿ ನೋಡಿದರೆ ಮೂರೂ ಸಹಿಗಳು ಕಣ್ಣಮುಂದೆ ಬರುತ್ತವೆ. ಈಗಾಗಲೇ ಹೋದ ಪತ್ರಗಳಲ್ಲಿನ ತಪ್ಪು ನಂಬರನ್ನು ತಿದ್ದಲಾಗದು. ಆ ನಂಬರಿಗೆ ಕರೆ ಮಾಡಬಹುದಾದ ಗ್ರಾಹಕರಿಗೆ ಸರಿಯಾದದ್ದನ್ನು ಬರೆದು ತಿಳಿಸಬೇಕಾಗುತ್ತದೆ.