ರಫ್ತುದಾರನ ರಿಫಂಡ್ ಅರ್ಜಿ ಮತ್ತು ಜೊತೆಗಿಡುವ ಪತ್ರ

ಸರಕು ಮತ್ತು ಸೇವಾ ತೆರಿಗೆಯಲ್ಲಿ ರಫ್ತು ಶೂನ್ಯ ದರದ ಪೂರೈಕೆ. ಹೊರದೇಶಕ್ಕೆ ಹೋಗುವ ಮಾಲಿನ ಮೇಲೆ ತೆರಿಗೆ ಇಲ್ಲ. ಆದರೆ ಅದನ್ನು ತಯಾರಿಸಲು ಕೊಂಡ ಕಚ್ಚಾವಸ್ತು, ಪ್ಯಾಕಿಂಗ್, ಸಾಗಣೆಗಳ ಮೇಲೆ ರಫ್ತುದಾರ ತೆರಿಗೆ ಕಟ್ಟಿರುತ್ತಾನೆ. ಅದು ಇನ್‌ಪುಟ್ ತೆರಿಗೆ ಕ್ರೆಡಿಟ್ ಆಗಿ ಅವನ ಎಲೆಕ್ಟ್ರಾನಿಕ್ ಲೆಡ್ಜರ್‌ನಲ್ಲಿ ಉಳಿಯುತ್ತದೆ. ಐಜಿಎಸ್‌ಟಿ ಕಟ್ಟಿ ರಫ್ತು ಮಾಡಿದವನಿಗೆ ಶಿಪ್ಪಿಂಗ್ ಬಿಲ್ಲೇ ಅರ್ಜಿ. ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟು, ತೆರಿಗೆ ಕಟ್ಟದೆ ಮಾಲು ಕಳಿಸಿದ ಸಣ್ಣ ರಫ್ತುದಾರ ಮಾತ್ರ ಬಳಕೆಯಾಗದೆ ಉಳಿದ ಕ್ರೆಡಿಟ್ಟನ್ನು ತಾನೇ ಕೇಳಿ ಪಡೆಯಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೇ ಕಲಮು ಆ ಹಕ್ಕನ್ನು ಕೊಡುತ್ತದೆ.

ಕೇಳುವುದು ಪೋರ್ಟಲ್‌ನಲ್ಲಿ, ಆರ್‌ಎಫ್‌ಡಿ-01 ನಮೂನೆಯಲ್ಲಿ. ಹಡಗು ಅಥವಾ ವಿಮಾನ ಮಾಲು ಹೊತ್ತು ದೇಶ ಬಿಟ್ಟ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಪತ್ರವನ್ನು ಇದರ ಜೊತೆಗೆ ಅಪ್‌ಲೋಡ್ ಮಾಡಲಾಗುತ್ತದೆ. ಕಾನೂನಿನ ಕಣ್ಣಿಗೆ ಅರ್ಜಿಯೇ ಮುಖ್ಯ, ಪತ್ರವಲ್ಲ. ಆದರೂ ನಮೂನೆಯಲ್ಲಿ ಬರೀ ಅಂಕಿಗಳಿರುತ್ತವೆ. ಅವು ಎಲ್ಲಿಂದ ಬಂದವು ಎಂದು ಅಧಿಕಾರಿಗೆ ಹೇಳುವುದು ಪತ್ರ.

ಮೈಸೂರಿನ ಒಂದು ಕಲ್ಪಿತ ಅಗರಬತ್ತಿ ಘಟಕವನ್ನೇ ತೆಗೆದುಕೊಳ್ಳಬಹುದು. ಮೂರು ತಿಂಗಳಲ್ಲಿ ಅದು 12 ಲಕ್ಷ ರೂಪಾಯಿಯ ಮಾಲನ್ನು ರಫ್ತು ಮಾಡಿದೆ, 8 ಲಕ್ಷದ್ದನ್ನು ದೇಶದೊಳಗೆ ಮಾರಿದೆ. ಸುಗಂಧ ತೈಲ, ಪೆಟ್ಟಿಗೆ, ಸಾಗಣೆ ಇತ್ಯಾದಿಗಳ ಮೇಲಿನ ಕ್ರೆಡಿಟ್ 1,50,000 ರೂಪಾಯಿ. ಒಂದು ಯಂತ್ರವನ್ನೂ ಕೊಂಡಿದ್ದು, ಅದರ ತೆರಿಗೆ 36,000. ಇಲ್ಲಿ 89(4)ನೇ ನಿಯಮದ ಸೂತ್ರ ಬರುತ್ತದೆ: ಇನ್‌ಪುಟ್ ಕ್ರೆಡಿಟ್ಟನ್ನು ರಫ್ತಿನ ವಹಿವಾಟಿನಿಂದ ಗುಣಿಸಿ, ಒಟ್ಟು ವಹಿವಾಟಿನಿಂದ ಭಾಗಿಸಬೇಕು. ಯಂತ್ರದಂಥ ಬಂಡವಾಳ ಸರಕಿನ ತೆರಿಗೆ ಸೂತ್ರದೊಳಗೆ ಸೇರುವುದಿಲ್ಲ. ಹಾಗಾಗಿ 1,50,000ದಲ್ಲಿ ಇಪ್ಪತ್ತರಲ್ಲಿ ಹನ್ನೆರಡು ಪಾಲು, ಅಂದರೆ 90,000 ರೂಪಾಯಿ.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಸೂತ್ರದ ಮೊತ್ತ, ಆ ಅವಧಿಯ ಕೊನೆಯಲ್ಲಿ ಲೆಡ್ಜರ್‌ನಲ್ಲಿದ್ದ ಬಾಕಿ, ಅರ್ಜಿ ಹಾಕುವ ದಿನದ ಬಾಕಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಸಿಗುವುದು. ದೇಶದೊಳಗಿನ ಮಾರಾಟಕ್ಕೆ 5 ಶೇಕಡಾದಂತೆ 40,000 ತೆರಿಗೆ ವಜಾ ಆದಮೇಲೆ ಬಾಕಿ 1,46,000. ಅರ್ಜಿಯ ದಿನದವರೆಗೂ ಅದು 90,000ಕ್ಕಿಂತ ಕೆಳಗಿಳಿಯದಿದ್ದರೆ ಪೂರ್ತಿ 90,000 ಕೇಳಬಹುದು. ಅರ್ಜಿ ಸಲ್ಲಿಸಿದೊಡನೆ ಆ ಮೊತ್ತ ಲೆಡ್ಜರ್‌ನಿಂದ ಕಡಿತವಾಗುತ್ತದೆ.

ಪತ್ರದಲ್ಲಿ ಹೆಚ್ಚಾಗಿ ಎಡವುವುದು ರಫ್ತಿನ ಮೌಲ್ಯದಲ್ಲಿ. ಇದೇ ಘಟಕದ ಇನ್ವಾಯ್ಸ್‌ಗಳಲ್ಲಿ ಹಡಗು ಬಾಡಿಗೆ, ವಿಮೆ ಸೇರಿ 12,60,000 ಇದೆ, ಶಿಪ್ಪಿಂಗ್ ಬಿಲ್ಲುಗಳಲ್ಲಿ ಬರೀ ಮಾಲಿನ ಎಫ್‌ಒಬಿ ಬೆಲೆ 12,00,000 ಇದೆ ಎಂದುಕೊಳ್ಳೋಣ. ಇಲಾಖೆ ಎರಡರಲ್ಲಿ ಕಡಿಮೆಯದನ್ನೇ ಒಪ್ಪುತ್ತದೆ. ಇದನ್ನು ಮುಚ್ಚಿಡುವುದಕ್ಕಿಂತ ಮೊದಲೇ ಹೇಳಿಬಿಡುವುದು ಜಾಣತನ: “ಇನ್ವಾಯ್ಸ್ ಮತ್ತು ಶಿಪ್ಪಿಂಗ್ ಬಿಲ್ಲಿನ ನಡುವಿನ 60,000 ರೂಪಾಯಿ ವ್ಯತ್ಯಾಸವು ಹಡಗು ಬಾಡಿಗೆ ಮತ್ತು ವಿಮೆಗೆ ಸಂಬಂಧಿಸಿದ್ದು. ರಿಫಂಡ್ ಲೆಕ್ಕಕ್ಕೆ ಎಫ್‌ಒಬಿ ಮೌಲ್ಯವನ್ನೇ ತೆಗೆದುಕೊಳ್ಳಲಾಗಿದೆ.” ಅಧಿಕಾರಿ ಕೇಳಬಹುದಾದ ಪ್ರಶ್ನೆಗೆ ಈ ಎರಡು ವಾಕ್ಯದಲ್ಲೇ ಉತ್ತರವಿದೆ.

ಇನ್ನೊಂದು ತೊಡಕು ಸರಬರಾಜುದಾರರಿಂದ ಬರುತ್ತದೆ. ಪೆಟ್ಟಿಗೆ ಮಾರಿದವನು ತನ್ನ ರಿಟರ್ನ್‌ನಲ್ಲಿ ಬಿಲ್ಲು ತೋರಿಸದಿದ್ದರೆ ಅದು ರಫ್ತುದಾರನ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ. ಕಾಣದ ಬಿಲ್ಲಿನ ತೆರಿಗೆ ರಿಫಂಡ್ ಲೆಕ್ಕಕ್ಕೆ ಬರುವುದಿಲ್ಲ, ಪತ್ರದಲ್ಲಿ ಎಷ್ಟು ವಿವರಿಸಿದರೂ ಅಷ್ಟೇ. ಹಾಗಾಗಿ ಪತ್ರ ಬರೆಯುವ ಮುನ್ನ ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡುವುದೇ ನಿಜವಾದ ಕೆಲಸ. ಪತ್ರದ ಉಳಿದ ಭಾಗ ಚಿಕ್ಕದು: ಜಿಎಸ್‌ಟಿ ಸಂಖ್ಯೆ, ಅವಧಿ, ಎಲ್‌ಯುಟಿ ಉಲ್ಲೇಖ, ಲೆಕ್ಕದ ಪಟ್ಟಿ, ಲಗತ್ತುಗಳ ಹೆಸರು.

ಹದಿನೈದು ದಿನದೊಳಗೆ ಇಲಾಖೆ ಸ್ವೀಕೃತಿ ಕೊಡಬೇಕು, ಇಲ್ಲವೇ ಕೊರತೆ ಪತ್ರ ಕಳಿಸಬೇಕು. ಕೊರತೆ ಪತ್ರ ಬಂದರೆ ಅದಕ್ಕೆ ಸಮಜಾಯಿಷಿ ಬರೆದು ಪ್ರಯೋಜನವಿಲ್ಲ. ಕಡಿತವಾದ ಕ್ರೆಡಿಟ್ ಲೆಡ್ಜರ್‌ಗೆ ವಾಪಸು ಬರುತ್ತದೆ, ಹೊಸ ಅರ್ಜಿಯನ್ನೇ ಹಾಕಬೇಕು. ಕಾರಣ ಕೇಳುವ ನೋಟಿಸ್ ಬೇರೆ. ಅದಕ್ಕೆ ಹದಿನೈದು ದಿನದೊಳಗೆ, ಆರ್‌ಎಫ್‌ಡಿ-09ರಲ್ಲಿ, ಆಕ್ಷೇಪಕ್ಕೊಂದರಂತೆ ಉತ್ತರ ಕೊಡಬೇಕು. ಪೂರ್ಣ ಅರ್ಜಿ ತಲುಪಿದ 60 ದಿನದೊಳಗೆ ಅಂತಿಮ ಆದೇಶ ಬರಬೇಕು; ಹಣ ಅದಕ್ಕಿಂತ ತಡವಾದರೆ ಶೇಕಡಾ 6ರ ಬಡ್ಡಿ ಸಲ್ಲುತ್ತದೆ. ಅರ್ಜಿ ತಿರಸ್ಕಾರವಾದರೆ ಆದೇಶ ಕೈಸೇರಿದ ಮೂರು ತಿಂಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.