ನಾಲ್ಕು ವರ್ಷ ಓಡಿಸಿದ ಕಾರಿಗೆ ಎಷ್ಟು ಬೆಲೆ?

ಹೊಸ ಕಾರು ಕೊಳ್ಳುವಾಗ ಮೈಲೇಜ್ ಕೇಳುತ್ತೇವೆ, ಏರ್‌ಬ್ಯಾಗ್ ಎಷ್ಟಿವೆ ಎಂದು ಕೇಳುತ್ತೇವೆ. ನಾಲ್ಕು ವರ್ಷದ ಮೇಲೆ ಮಾರಿದರೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳುವವರು ಕಡಿಮೆ. ದಿನಾ ಆಫೀಸಿಗೆ, ವಾರಕ್ಕೊಮ್ಮೆ ಊರಿಗೆ ಎಂದು ಮಿತವಾಗಿ ಓಡುವ ಕಾರಿನಲ್ಲಿ ಪೆಟ್ರೋಲಿಗಿಂತ ಹೆಚ್ಚು ಹಣ ತಿನ್ನುವುದು ಈ ಸವಕಳಿಯೇ.

ಸವಕಳಿ ಎಂದೊಡನೆ ಅನೇಕರು ವಿಮಾ ಪಾಲಿಸಿಯಲ್ಲಿರುವ ಐಡಿವಿ ನೋಡುತ್ತಾರೆ. ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇ 40, ನಾಲ್ಕು ದಾಟಿದರೆ ಶೇ 50 ಕಳೆಯುವ ಕೋಷ್ಟಕ ಅದು. ಮಾರುತಿಗೂ ಒಂದೇ, ಮರ್ಸಿಡಿಸ್‌ಗೂ ಒಂದೇ. ಗಾಡಿ ಕಳುವಾದರೆ ವಿಮಾ ಕಂಪನಿ ಕೊಡುವ ಮೊತ್ತಕ್ಕೆ ಅದು ಆಧಾರವೇ ಹೊರತು ಮಾರುಕಟ್ಟೆಯ ಬೆಲೆಯಲ್ಲ.

ಸರಿಯಾದ ಲೆಕ್ಕ ಬೇರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಕ್ಸ್-ಶೋರೂಮ್ 8 ಲಕ್ಷದ ಎರಡು ಕಾರುಗಳು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 14, ಅದರ ಮೇಲೆ ಸೆಸ್. ವಿಮೆಯನ್ನೂ ಸೇರಿಸಿದರೆ ಆನ್-ರೋಡ್ ಬೆಲೆ ಸುಮಾರು 9.60 ಲಕ್ಷ. ಮೊದಲನೆಯದಕ್ಕೆ ಬೇಡಿಕೆ ಜೋರು, ರಿಯಾಯಿತಿ ಒಂದು ಪೈಸೆಯೂ ಇಲ್ಲ. ಅದು ನಾಲ್ಕು ವರ್ಷದ ಮೇಲೆ 5.60 ಲಕ್ಷಕ್ಕೆ ಹೋಗುತ್ತದೆ. ಎರಡನೆಯದಕ್ಕೆ ಡೀಲರ್ 1 ಲಕ್ಷ ಬಿಡುತ್ತಾನೆ, ಅದು 4.80 ಲಕ್ಷಕ್ಕೆ ಹೋಗುತ್ತದೆ. ಮೊದಲನೆಯದು ಶೇ 70 ಬೆಲೆ ಉಳಿಸಿಕೊಂಡಿತು, ಎರಡನೆಯದು ಶೇ 60 ಮಾತ್ರ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಜೇಬಿನಿಂದ ಹೋದದ್ದು ನೋಡಿ: ಮೊದಲನೆಯದರಲ್ಲಿ 4 ಲಕ್ಷ, ಎರಡನೆಯದರಲ್ಲಿ 3.80 ಲಕ್ಷ. ಶೇಕಡಾವಾರು ಲೆಕ್ಕದಲ್ಲಿ ಸೋತ ಕಾರೇ ರೂಪಾಯಿಯಲ್ಲಿ ಗೆದ್ದಿತು. ಹಾಗಾಗಿ ಆನ್-ರೋಡ್ ಕೊಟ್ಟ ಹಣದಿಂದ ಮಾರಿದಾಗ ಬಂದ ಹಣ ಕಳೆದು, ವರ್ಷಕ್ಕೆ ಎಷ್ಟಾಯಿತು ಎಂದು ನೋಡುವುದೇ ನಂಬಬಹುದಾದ ಅಳತೆ.

ಹಳೆಯ ಕಾರಿನ ಬೆಲೆ ನೀವು ಅಂದು ಕೊಟ್ಟ ಹಣದ ಮೇಲೆ ನಿಲ್ಲುವುದಿಲ್ಲ, ಹೊಸದಕ್ಕೆ ಇಂದು ಎಷ್ಟಿದೆ ಎಂಬುದರ ಮೇಲೆ ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಹಳೆಯ ಸಣ್ಣ ಕಾರುಗಳ ಬೆಲೆಯನ್ನೂ ಇಳಿಸಬೇಕಾಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಮೊದಲಿನ ದುಡ್ಡು ಯಾರು ಕೊಟ್ಟಾರು?

ಹಾಗಾದರೆ ಬೆಲೆ ಉಳಿಸಿಕೊಳ್ಳುವ ಕಾರು ಯಾವುದು? ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಯಾರೆಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಆತ ಬಹುಪಾಲು ಮೊದಲ ಸಲ ಕಾರು ಕೊಳ್ಳುವ ಕುಟುಂಬದವನು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ, ಬಿಡಿಭಾಗ ಮರುದಿನವೇ ಸಿಗುವ ಗಾಡಿ ಅವನಿಗೆ ಬೇಕು. ವ್ಯಾಗನ್ಆರ್, ಸ್ವಿಫ್ಟ್, ಡಿಸೈರ್‌ಗಳ ಪೆಟ್ರೋಲ್ ಮಾದರಿಗಳು ಬೇಗ ಬಿಕರಿಯಾಗುವುದು ಇದಕ್ಕೇ. ಇನೋವಾದ ಕಥೆಯೂ ಇದೇ. ಟ್ರಾವೆಲ್ಸ್‌ನವರು ಲಕ್ಷಾಂತರ ಕಿಲೋಮೀಟರ್ ಓಡಿಸಿ ಅದರ ಇಂಜಿನ್ನಿಗೆ ಹೆಸರು ತಂದುಕೊಟ್ಟಿದ್ದಾರೆ. ಕ್ರೆಟಾದಂಥ ಎಸ್‌ಯುವಿಗಳೂ ಚೆನ್ನಾಗಿಯೇ ನಿಲ್ಲುತ್ತವೆ. ಮಧ್ಯದ ವೇರಿಯಂಟ್ ಕೊಂಡವರಿಗೆ ಲಾಭ ಹೆಚ್ಚು, ಏಕೆಂದರೆ ಸನ್‌ರೂಫ್‌ಗೆ, ದೊಡ್ಡ ಪರದೆಗೆ ಹೆಚ್ಚುವರಿ ಕೊಟ್ಟ ಹಣದಲ್ಲಿ ವಾಪಸ್ ಬರುವುದು ಅಲ್ಪ.

ಅತಿ ಬೇಗ ಬೀಳುವುದು ಐಷಾರಾಮಿ ಸೆಡಾನ್. ವಾರಂಟಿ ಮುಗಿದ ಮೇಲಿನ ರಿಪೇರಿ ಬಿಲ್ಲಿಗೆ ಎರಡನೆಯ ಮಾಲೀಕ ಹೆದರುತ್ತಾನೆ. ಕಂಪನಿಯೇ ಬಾಗಿಲು ಹಾಕಿದರಂತೂ ಹೇಳಬೇಕಿಲ್ಲ. 2021ರಲ್ಲಿ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಗಟ್ಟಿಮುಟ್ಟಾದ ಇಕೋಸ್ಪೋರ್ಟ್‌ಗೂ ಕೊಳ್ಳುವವರು ಹಿಂದೆಮುಂದೆ ನೋಡುವಂತಾಯಿತು. ವಿದ್ಯುತ್ ಕಾರು ಸದ್ಯ ಪೆಟ್ರೋಲಿನದಕ್ಕಿಂತ ಬೇಗ ಸವೆಯುತ್ತದೆ. ಹೊಸ ಮಾದರಿಗಳು ಹೆಚ್ಚು ದೂರ ಓಡುತ್ತಿವೆ, ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ, ಅದರಲ್ಲಿ ಅರ್ಧ ಕಳೆದಿರುತ್ತದೆ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬ ಸರ್ವಿಸ್ ಸೆಂಟರ್ ವರದಿ ಇದ್ದರೆ ಮಾರುವವರ ಕೈ ಗಟ್ಟಿ.

ಒಳ್ಳೆಯ ಮಾದರಿಯಾದರೂ ಬ್ರೋಕರ್ ಮೊದಲು ಬಾನೆಟ್ ಎತ್ತಿ ಫೆಂಡರ್‌ನ ಬೋಲ್ಟ್ ನೋಡುತ್ತಾನೆ. ಬೋಲ್ಟ್ ತಲೆಯ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದ್ದರೆ ಆ ಭಾಗ ಬಿಚ್ಚಿದ್ದಾರೆ, ಬಹುಶಃ ಎಲ್ಲೋ ಗುದ್ದಿದೆ ಎಂದು ಅವನ ಲೆಕ್ಕ. ಅಲ್ಲಿಂದಲೇ ಬೆಲೆ ಇಳಿಸಲು ಶುರು. ಸರ್ವಿಸ್ ದಾಖಲೆ, ರಿಪೇರಿ ಬಿಲ್ಲು ಇಟ್ಟುಕೊಂಡವರು ಆಗ ಮಾತಾಡಬಹುದು.

ಹೊಸ ಕಾರಿಗೆ ಮುಂಗಡ ಕೊಡುವ ಮುನ್ನ ಒಂದು ಕೆಲಸ ಮಾಡಿ. ಅದೇ ಮಾದರಿಯ, ಅದೇ ವೇರಿಯಂಟ್‌ನ, ಕೆಎ ನೋಂದಣಿಯ ನಾಲ್ಕು ವರ್ಷದ ಗಾಡಿಗೆ ಎಷ್ಟು ಕೊಡುತ್ತೀರಿ ಎಂದು ಇಬ್ಬರು ಮೂವರು ಹಳೆ ಕಾರಿನ ವ್ಯಾಪಾರಿಗಳನ್ನು ಕೇಳಿ. ಜಾಹೀರಾತಿನಲ್ಲಿರುವುದು ಅವರು ಮಾರುವ ಬೆಲೆ. ನಿಮಗೆ ಬೇಕಾದದ್ದು ಅವರು ಕೊಳ್ಳುವ ಬೆಲೆ.