ಗಡಿ ತೆರಿಗೆ ಹೋಯಿತು, ಗೇಟು ಉಳಿಯಿತು

ಮೈಸೂರಿನಿಂದ ಊಟಿಗೆ ಸ್ವಂತ ಕಾರಿನಲ್ಲಿ ಹೊರಟವರು ಮೊದಲು ಕೇಳುವುದು ‘ಬಾರ್ಡರ್‌ನಲ್ಲಿ ಟ್ಯಾಕ್ಸ್ ಎಷ್ಟು?’ ಎಂದು. ಬಿಳಿ ಬೋರ್ಡಿನ ಕಾರಾದರೆ, ನಾಲ್ಕು ದಿನ ಸುತ್ತಾಡಿ ಬರುವುದಾದರೆ, ರಾಜ್ಯ ದಾಟಿದ್ದಕ್ಕೆಂದು ಕಟ್ಟಬೇಕಾದ ತೆರಿಗೆ ಒಂದು ರೂಪಾಯಿಯೂ ಇಲ್ಲ. ಆದರೂ ಅದೇ ಕಾರನ್ನು ಚೆಕ್‌ಪೋಸ್ಟಿನಲ್ಲಿ ತಿರುಗಿಸಿ ಕಳಿಸುವ ಸಾಧ್ಯತೆ ಇಪ್ಪತ್ತು ವರ್ಷದ ಹಿಂದಿಗಿಂತ ಈಗ ಹೆಚ್ಚು. ಗಡಿಯಲ್ಲಿ ಕೇಳುವವರು ಬದಲಾಗಿದ್ದಾರೆ, ಅವರು ಕೇಳುವ ವಸ್ತುವೂ ಬದಲಾಗಿದೆ. ನಮ್ಮ ಬಾಯಲ್ಲಿ ಮಾತ್ರ ‘ಬಾರ್ಡರ್ ಟ್ಯಾಕ್ಸ್’ ಎಂಬ ಹಳೆಯ ಹೆಸರು ಉಳಿದುಕೊಂಡಿದೆ. ಆ ಹೆಸರನ್ನೇ ಹಿಡಿದು ಹೊರಟವರು ಕಟ್ಟಬೇಕಿಲ್ಲದ್ದಕ್ಕೆ ಹೆದರುತ್ತಾರೆ, ನೋಡಿಕೊಳ್ಳಬೇಕಾದ್ದನ್ನು ಮರೆಯುತ್ತಾರೆ.

ಈ ಹೆಸರಿನ ಬೇರು ಸರಕಿನಲ್ಲಿದೆ, ಗಾಡಿಯಲ್ಲಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಬರುವ ಪೆರ್ಜುಂಕ ಹೇರಿನ ಮೇಲಿನ ಸುಂಕ. ಹೇರು ಹೊತ್ತ ಎತ್ತನ್ನೋ ಎತ್ತಿನ ಜೊತೆ ನಡೆದವನನ್ನೋ ಅಳೆದದ್ದಲ್ಲ. ಸಂವಿಧಾನದ ರಾಜ್ಯಪಟ್ಟಿಯ 52ನೇ ನಮೂದೂ ಅದನ್ನೇ ಹೇಳುತ್ತಿತ್ತು: ಬಳಕೆಗೋ ಮಾರಾಟಕ್ಕೋ ಒಂದು ಸ್ಥಳೀಯ ಪ್ರದೇಶದೊಳಗೆ ಬರುವ ಸರಕಿನ ಮೇಲೆ ತೆರಿಗೆ. ಪುರಸಭೆಗಳ ಆಕ್ಟ್ರಾಯ್ ನಿಂತಿದ್ದುದು ಅದರ ಮೇಲೆ. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ತೆಗೆದು ಅದರ ಜಾಗಕ್ಕೆ ಪ್ರವೇಶ ತೆರಿಗೆಯ ಕಾನೂನು ತಂದದ್ದೂ ಅದರ ಬಲದಿಂದಲೇ. ಕಾರು ಈ ಕಾನೂನುಗಳ ಕೈಗೆ ಸಿಗುತ್ತಿದ್ದುದು ತಾನೇ ಸರಕಾದಾಗ, ಅಂದರೆ ಹೊರಗೆ ಕೊಂಡು ಇಲ್ಲಿ ನೋಂದಣಿಗೆ ತಂದಾಗ ಮಾತ್ರ. ತಮಿಳುನಾಡು 1990ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿತ್ತು. 101ನೇ ತಿದ್ದುಪಡಿ 52ನೇ ನಮೂದನ್ನೇ ಕಿತ್ತುಹಾಕಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ ಹಲವು ರಾಜ್ಯಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಸರಕಿನ ಗೇಟು ಅಲ್ಲಿಗೆ ಮುಗಿಯಿತು.

ಉಳಿದದ್ದು ವಾಹನದ ಮೇಲಿನ ತೆರಿಗೆ. ಅದರ ಜಗಳ ಶುರುವಾದದ್ದು ಬಸ್ಸಿನಿಂದ. ಅಜ್ಮೇರ್ ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲಕ್ಕೆ ನಸೀರಾಬಾದ್‌ನಿಂದ ದೇವ್ಲಿಗೆ ಓಡುತ್ತಿದ್ದ ಬಸ್ಸುಗಳು ನಡುವೆ ರಾಜಸ್ಥಾನದ ಒಂದು ಸಣ್ಣ ಪಟ್ಟಿಯನ್ನು ದಾಟಬೇಕಿತ್ತು. ಆ ಪಟ್ಟಿ ದಾಟಿದ್ದಕ್ಕೆ ರಾಜಸ್ಥಾನ ತೆರಿಗೆ ಕೇಳಿತು. ಮಾಲೀಕರು ಸಂವಿಧಾನದ 301ನೇ ವಿಧಿ, ಅಂದರೆ ದೇಶದೊಳಗೆ ವ್ಯಾಪಾರ ಸಂಚಾರ ಮುಕ್ತವಾಗಿರಬೇಕೆಂಬ ಮಾತನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ರಸ್ತೆ ಬಳಸಿದ್ದಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ಸಂಚಾರಕ್ಕೆ ಅಡ್ಡಿಯಲ್ಲ, ಅನುಕೂಲವೇ ಎಂದು 1962ರಲ್ಲಿ ತೀರ್ಪಾಯಿತು. ಈ ‘ಪರಿಹಾರ ತೆರಿಗೆ’ಯ ವಾದವನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠ 2016ರ ಜಿಂದಾಲ್ ಪ್ರಕರಣದಲ್ಲಿ ಕೈಬಿಟ್ಟಿತು. ಹಾಗೆಂದು ರಾಜ್ಯಗಳ ಕೈ ಕಟ್ಟಲಿಲ್ಲ. ತೆರಿಗೆ ಹಾಕಬಹುದು, ಒಳಗಿನದು ಹೊರಗಿನದು ಎಂದು ಭೇದ ಮಾಡಬಾರದು ಎಂಬಲ್ಲಿಗೆ ಮಾತು ನಿಂತಿತು. ಇಂದಿನ ಹಳದಿ ಬೋರ್ಡಿನ ಲೆಕ್ಕ ಆ ಬಸ್ಸಿನ ವಂಶದ್ದೇ. ಬಾಡಿಗೆಗೆ ಓಡುವ ಗಾಡಿಗೆ ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಇಲ್ಲದಿದ್ದರೆ ವಿಶೇಷ ಪರ್ಮಿಟ್ಟೂ ಬೇಕು, ಹೋಗುವ ರಾಜ್ಯದ ತೆರಿಗೆಯೂ ಬೇಕು. ಈಗ ಇದನ್ನು ಪರಿವಾಹನ್ ಪೋರ್ಟಲಿನ ಚೆಕ್‌ಪೋಸ್ಟ್ ತೆರಿಗೆ ಪುಟದಲ್ಲಿ ಮೊದಲೇ ಕಟ್ಟಬಹುದು. ರಸೀದಿಯ ಮೇಲೆ ತೆರಿಗೆ ಎಂದಿನಿಂದ ಎಂದಿನವರೆಗೆ ಎಂದು ನಮೂದಾಗಿರುತ್ತದೆ. ಹೋಗುವ ದಿನವನ್ನಷ್ಟೇ ನೋಡಿಕೊಂಡು ಮರಳುವ ದಿನವನ್ನು ಮರೆಯುವುದೇ ಇಲ್ಲಿ ಆಗುವ ಎಡವಟ್ಟು. ಸೆಲ್ಫ್-ಡ್ರೈವ್ ಬಾಡಿಗೆ ಕಾರಿಗೂ ಈ ಎಚ್ಚರ ಬೇಕು: ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಸ್ಟಿಯರಿಂಗ್ ನಿಮ್ಮ ಕೈಯಲ್ಲಿದ್ದರೂ ಅದು ಬಾಡಿಗೆ ಗಾಡಿಯೇ. ಹೋಗುವ ರಾಜ್ಯಕ್ಕೆ ಪರ್ಮಿಟ್, ತೆರಿಗೆ ಸಲ್ಲುತ್ತದೆಯೇ ಎಂದು ಕೀಲಿ ತೆಗೆದುಕೊಳ್ಳುವ ಮುನ್ನವೇ ಕೇಳಬೇಕು.

ಹೊರಗಿನ ಕಾರುಗಳು ನಮ್ಮ ರಸ್ತೆಯನ್ನು ಪುಕ್ಕಟೆ ಸವೆಸಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಲೈಫ್ ಟ್ಯಾಕ್ಸ್ ಕಡಿಮೆಯಿರುವ ರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲೇ ವರ್ಷಗಟ್ಟಲೆ ಓಡಿಸುವವರನ್ನು ಹಿಡಿಯಲೆಂದೇ ಕರ್ನಾಟಕ 2014ರಲ್ಲಿ ಕಾನೂನು ತಿದ್ದಿ, ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದಿತು. ಹೈಕೋರ್ಟ್ 2016ರಲ್ಲಿ ಅದನ್ನು ರದ್ದುಮಾಡಿತು. ಮೋಟಾರು ವಾಹನ ಕಾಯಿದೆಯ 46ನೇ ಕಲಂ ಒಂದು ರಾಜ್ಯದ ನೋಂದಣಿಗೆ ಇಡೀ ದೇಶದಲ್ಲಿ ಮಾನ್ಯತೆ ಕೊಡುತ್ತದೆ. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಬೇಕೆಂದು 47ನೆಯದು ಹೇಳುತ್ತದೆ. ಪುಕ್ಕಟೆ ಸವಾರಿಯ ದೂರಿಗೆ ಉತ್ತರ ಆ ಹನ್ನೆರಡು ತಿಂಗಳಲ್ಲಿದೆ, ವಾರಾಂತ್ಯಕ್ಕೆ ಬಂದವನನ್ನು ಅಡ್ಡಗಟ್ಟುವುದರಲ್ಲಲ್ಲ. ಇನ್ನು ಹಿಮಾಚಲದಲ್ಲಿ ಸ್ವಂತ ಕಾರಿಗೂ ಹಣ ಕೇಳುತ್ತಾರಲ್ಲ ಎಂದರೆ, ಹೌದು, ಪರ್ವಾಣೂ ತಡೆಗಂಬದಲ್ಲಿ ಹೊರರಾಜ್ಯದ ಗಾಡಿಗಳು ಕಟ್ಟಲೇಬೇಕು. ಅಲ್ಲಿ ಪಡೆಯುವುದು 1975ರ ಟೋಲ್ ಕಾನೂನಿನಡಿಯ ಟೋಲು. ಸಂವಿಧಾನದಲ್ಲಿ ಅದಕ್ಕೆ ಬೇರೆಯದೇ ನಮೂದಿದೆ. ಕೊಡುವವನಿಗೆ ಯಾವ ಹೆಸರಾದರೇನು ಎನಿಸಬಹುದು. ಹೆಸರು ಗೊತ್ತಿದ್ದರೆ ರಸೀದಿ ಯಾವುದೆಂದು ಗೊತ್ತಾಗುತ್ತದೆ. ರಸೀದಿಯಿಲ್ಲದ ‘ಎಂಟ್ರಿ’ಗೆ ಕೈ ಚಾಚಿದವರನ್ನು ಯಾವ ಕಾನೂನಿನಡಿ ಎಂದು ಕೇಳಲು ಬರುತ್ತದೆ.

ಹೊಸದಾಗಿ ಎದ್ದಿರುವುದು ಜಾಗದ ಗೇಟು, ಊಟಿಯ ದಾರಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಶುಕ್ರವಾರ ಕಚೇರಿ ಮುಗಿಸಿ ಆರೂವರೆಗೆ ಮೈಸೂರು ಬಿಟ್ಟ ಕಾರನ್ನೇ ತೆಗೆದುಕೊಳ್ಳಿ. ಗುಂಡ್ಲುಪೇಟೆಗೆ ಸುಮಾರು ಅರವತ್ತು ಕಿಲೋಮೀಟರ್. ನಂಜನಗೂಡಿನಲ್ಲಿ ಕಾಫಿ, ಗುಂಡ್ಲುಪೇಟೆಯಲ್ಲಿ ಊಟ ಎಂದು ಕೂತರೆ ಬಂಡೀಪುರದ ಗೇಟಿಗೆ ಹೋಗುವಷ್ಟರಲ್ಲಿ ರಾತ್ರಿ ಒಂಬತ್ತಾಗಿ, ಗೇಟು ಹಾಕಿರುತ್ತದೆ. ಕಾಡಿನ ಈ ದಾರಿಯಲ್ಲಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ 2009ರಿಂದಲೂ ಸಂಚಾರ ನಿಷೇಧವಿದೆ. ಆರ್‌ಸಿ, ವಿಮೆ ಎಲ್ಲ ಸರಿಯಿದ್ದರೂ ಉಪಯೋಗವಿಲ್ಲ. ಕೆಕ್ಕನಹಳ್ಳ ದಾಟಿ ತಮಿಳುನಾಡಿಗೆ ಕಾಲಿಟ್ಟರೆ ಕೇಳುವುದು ಇ-ಪಾಸ್. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇದು ಬೇಕು. ಅಲ್ಲಿನ ಟಿಎನ್ 43 ಗಾಡಿಗಳಿಗೆ ಬೇಡ. epass.tnega.org ತಾಣದಲ್ಲಿ ಹಣವಿಲ್ಲದೆ ಸಿಗುತ್ತದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000 ವಾಹನ ಎಂಬ ಮಿತಿ ಬಂದಾಗ, ಶುಕ್ರವಾರ ಸಂಜೆ ಗೇಟಿನ ಮುಂದೆ ನಿಂತು ಮೊಬೈಲಿನಲ್ಲಿ ಪಾಸ್ ಹುಡುಕುವುದು ಜೂಜೇ ಆಯಿತು. ಸರ್ಕಾರಿ ಬಸ್ಸಿನಲ್ಲಿ ಹೋದವರಿಗೆ ಪಾಸಿನ ಗೊಡವೆಯಿಲ್ಲ. ಇದು ಬೊಕ್ಕಸ ತುಂಬುವ ತೆರಿಗೆಯಲ್ಲ, ಬೆಟ್ಟದ ಮೇಲಿನ ಗಾಡಿಗಳ ಎಣಿಕೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಲದೇ?

ಇಷ್ಟಾದ ಮೇಲೆ ಡ್ಯಾಶ್‌ಬೋರ್ಡಿನ ಕಾಗದಗಳು. ಆರ್‌ಸಿ, ಡಿಎಲ್, ವಿಮೆ, ಎಮಿಷನ್ ಸರ್ಟಿಫಿಕೇಟ್ ಈ ನಾಲ್ಕೂ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿದ್ದರೆ ಕಾನೂನಿನ ದೃಷ್ಟಿಯಲ್ಲಿ ಮೂಲ ಪ್ರತಿಗೆ ಸಮ. ಮೂಲದ ಫೋಟೊ ಹೊಡೆದು ವಾಟ್ಸ್ಆ್ಯಪಿನಲ್ಲಿಟ್ಟುಕೊಂಡದ್ದಕ್ಕೆ ಆ ಬೆಲೆಯಿಲ್ಲ. ಕಾಡಿನೊಳಗೆ ಸಿಗ್ನಲ್ ಕೈಕೊಡುವುದರಿಂದ ಗುಂಡ್ಲುಪೇಟೆಯಲ್ಲೇ ಆ್ಯಪ್ ತೆರೆದು ನಾಲ್ಕನ್ನೂ ಇಳಿಸಿಟ್ಟುಕೊಳ್ಳುವುದು ಲೇಸು. ಆಗಲೇ ದಿನಾಂಕವನ್ನೂ ನೋಡಿ. ವಿಮೆ ಮುಗಿಯುವುದನ್ನು ಕಂಪನಿಯೇ ಫೋನ್ ಮಾಡಿ ನೆನಪಿಸುತ್ತದೆ, ಎಮಿಷನ್ ಮುಗಿದದ್ದನ್ನು ಯಾರೂ ಹೇಳುವುದಿಲ್ಲ. ಗುಂಡ್ಲುಪೇಟೆ ದಾಟಿದ ಮೇಲೆ ನೆನಪಾದರೆ ಎಮಿಷನ್ ಸೆಂಟರ್ ಹುಡುಕಲು ಊರಿಗೇ ವಾಪಸ್ ಬರಬೇಕಾಗುತ್ತದೆ.